ಬೆಳಿಗ್ಗೆ ಜ್ವರ ಇಳಿದರೂ ಟೈಫಾಯ್ಡ್ ಇರಬಹುದು

"ಇದು ವಿಜಯಪುರದ ಬಿಸಿಲಿನ ಜ್ವರ. ಬೆಳಿಗ್ಗೆ ಇಳಿದ್ರೆ ಟೈಫಾಯ್ಡ್ ಅಲ್ವಂತೆ, ಹೌದಾ?"

ದಯವಿಟ್ಟು ಇದನ್ನು ನಂಬಬೇಡಿ. ಟೈಫಾಯ್ಡ್ ಬಿಸಿಲಿನಿಂದ ಬರುವುದಿಲ್ಲ. ರೋಗಿಯ ಮಲದ ಅಂಶ ಸೇರಿದ ನೀರು, ಆ ನೀರಿನ ಐಸ್ ಹಾಕಿದ ಕಬ್ಬಿನ ಹಾಲು, ತೊಳೆಯದ ಕೈಯಿಂದ ಬಡಿಸಿದ ಊಟದಿಂದ ಬರುತ್ತದೆ. ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು.

ಸೋಮವಾರ ಸಂಜೆ 100 ಡಿಗ್ರಿ, ಮಂಗಳವಾರ ಬೆಳಿಗ್ಗೆ 99, ಸಂಜೆ 101, ಬುಧವಾರ ಸಂಜೆ 102 ಅಂದುಕೊಳ್ಳಿ. ಮೈಬಿಸಿ ಬೆಳಿಗ್ಗೆ ತಗ್ಗಿ ಸಂಜೆ ಏರುವುದು ಸಹಜ. ಆದರೆ ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಯಕೃತ್ತು, ಗುಲ್ಮ, ಮೂಳೆಮಜ್ಜೆಯ ಜೀವಕೋಶಗಳೊಳಗೆ ಬೆಳೆದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಸಂಜೆ ಜ್ವರ ಒಂದು ಮೆಟ್ಟಿಲು ಜಾಸ್ತಿ. ಎಲ್ಲರಲ್ಲೂ ಹೀಗೆ ಕಾಣುವುದಿಲ್ಲ, ಪ್ಯಾರಸಿಟಮಾಲ್ ನುಂಗಿದರೆ ಮೆಟ್ಟಿಲು ಮರೆಯಾಗುತ್ತದೆ. ಮೂರು ದಿನ ಜ್ವರ ಬಿಡದಿದ್ದರೆ ವೈದ್ಯರನ್ನು ಕಾಣಿ. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಪರೀಕ್ಷೆ ಬಗ್ಗೆ ಕೇಳಿ.