ಗೌರವ ಅಂದ್ರೆ ಎಷ್ಟು ಸಲ ಸಾರ್?

ನಮ್ಮ ಆಫೀಸಿನ ಲಿಫ್ಟಿನಲ್ಲಿ ಕಂಪನಿಯ ನಾಲ್ಕು ಮೌಲ್ಯಗಳನ್ನು ಅಂಟಿಸಿದ್ದಾರೆ. ಗೌರವ, ಪ್ರಾಮಾಣಿಕತೆ, ಬದ್ಧತೆ, ಶ್ರೇಷ್ಠತೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಗರಿಷ್ಠ 8 ಜನ' ಅಂತಿದೆ. ಇಡೀ ಲಿಫ್ಟಿನಲ್ಲಿ ಜಾರಿಯಲ್ಲಿರುವ ನಿಯಮ ಅದೊಂದೇ. ಜನ ಜಾಸ್ತಿಯಾದರೆ ಕುಂಯ್ ಅನ್ನುತ್ತದೆ, ಯಾರಾದರೂ ಇಳಿಯಲೇಬೇಕು. ಅಗೌರವ ಹತ್ತಿದರೆ ಏನೂ ಅನ್ನುವುದಿಲ್ಲ, ನೇರ ಐದನೇ ಮಹಡಿಗೆ ಕರೆದುಕೊಂಡು ಹೋಗುತ್ತದೆ.

ಅಮೆರಿಕದ ಎನ್ರಾನ್ ಕಂಪನಿಯಲ್ಲೂ ನಾಲ್ಕೇ ಇದ್ದವು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. 2000ರಲ್ಲಿ ಅರವತ್ತು ಚಿಲ್ಲರೆ ಪುಟದ ನೀತಿಸಂಹಿತೆಯನ್ನೂ ಹಂಚಿದ್ದರು. ಲೆಕ್ಕಪತ್ರದ ಮೋಸ ಬಯಲಾಗಿ 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ. ಪುಸ್ತಕ ಮಾತ್ರ ಹಾಳೆ ಮಾಸದೆ ಉಳಿಯಿತು.

ಇರಲಿ, ನಮ್ಮ ಕತೆಗೆ ಬರೋಣ. 'ಗೌರವ ಉಲ್ಲಂಘಿಸಿದ್ದೀರಿ' ಅಂತ ಒಬ್ಬ ಟೀಮ್ ಲೀಡಿಗೆ ಮೆಮೊ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟೆ. ಒಂದೇ ಸಾಲಿನ ಉತ್ತರ ಬಂತು: "ಯಾವತ್ತು, ಯಾರಿಗೆ, ಏನಂದೆ ಸಾರ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆತ ಒರಟ ಅಂತ ಇಡೀ ಮಹಡಿಗೆ ಗೊತ್ತು. ಆದರೆ ತಾರೀಕು ಯಾರಿಗೂ ಗೊತ್ತಿಲ್ಲ.

ಸುಪ್ರೀಂ ಕೋರ್ಟ್ 1984ರಲ್ಲೇ ಇದೇ ಪ್ರಶ್ನೆ ನೋಡಿದೆ. ಸರ್ಕಾರಿ ಕಂಪನಿಯೊಂದು ತನ್ನ ಅಧಿಕಾರಿಯನ್ನು ಮುಂಗಡದ ಹಣದ ವಿಚಾರದಲ್ಲಿ ಕೆಲಸದಿಂದ ತೆಗೆದಿತ್ತು. 'ಸಂಪೂರ್ಣ ಪ್ರಾಮಾಣಿಕತೆ ಇರಬೇಕು' ಅನ್ನುವ ನಿಯಮ ಮುರಿದ ಅನ್ನುವುದೂ ಆರೋಪದಲ್ಲಿತ್ತು. ಕೋರ್ಟು ಒಪ್ಪಲಿಲ್ಲ. ಅಂಥ ಮಾತು ಬರೀ ನಿರೀಕ್ಷೆ. ದುರ್ನಡತೆಯ ಪಟ್ಟಿಯಲ್ಲಿ ಹೆಸರಿಸಿದ ಕೆಲಸ ಮಾಡಿದ್ದರೆ ಮಾತ್ರ ಶಿಕ್ಷೆ ಅಂದಿತು.

ಎಚ್ಆರ್ ಮೇಡಂಗೆ ಇದನ್ನು ಹೇಳಿದೆ. ಮರುದಿನವೇ ಸಮಿತಿ, ಸಮೋಸ, ಹಳದಿ ಚೀಟಿ ಎಲ್ಲ ಬಂದವು. 'ಗೌರವ ಕಣ್ಣಿಗೆ ಹೇಗೆ ಕಾಣುತ್ತದೆ?' ಅಂತ ಕೇಳಿದರು. ಚೀಟಿಗಳಲ್ಲಿ ಬಂದದ್ದು: 'ಸೌಜನ್ಯ', 'ಸಹೃದಯತೆ', 'ಧನಾತ್ಮಕ ಮನೋಭಾವ'. ಗೌರವವನ್ನು ಬಿಡಿಸಿ ಹೇಳಿ ಅಂದರೆ ಅದರ ಅಕ್ಕತಂಗಿಯರನ್ನು ಕರೆತಂದಿದ್ದರು. ಒಬ್ಬರು ಮಾತ್ರ 'ದಿನಕ್ಕೆ ಐದು ಸಲ ಗುಡ್ ಮಾರ್ನಿಂಗ್' ಅಂತ ಬರೆದಿದ್ದರು. ಎಣಿಸಬಹುದು, ನಿಜ. ಆದರೆ ನಮ್ಮ ಒರಟ ಟೀಮ್ ಲೀಡ್ ಬೈಯುವುದೇ ಗುಡ್ ಮಾರ್ನಿಂಗ್ ಹೇಳಿದ ಮೇಲೆ.

ಕೊನೆಗೆ ಮೂಲೆಯಲ್ಲಿದ್ದ ಟೆಸ್ಟಿಂಗ್ ಹುಡುಗಿ ಕೇಳಿದಳು, "ಯಾರಾದ್ರೂ ಏನು ಮಾಡಿದಾಗ ನಿಮಗೆ ಬೇಜಾರಾಯ್ತು, ಅದನ್ನೇ ಬರೀಬಹುದಲ್ವಾ?" ಹತ್ತು ಚೀಟಿಯಲ್ಲಿ ಏಳು ಒಂದೇ ಮಾತು: ಮೀಟಿಂಗಿನಲ್ಲಿ ಮಾತು ಮುಗಿಸುವ ಮುಂಚೆ ಬಾಯಿ ಹಾಕುತ್ತಾರೆ.

ಸರಿ, ಅದನ್ನೇ ನಿಯಮ ಮಾಡಿದೆವು. ಪರೀಕ್ಷೆಗೆ ನಾನು, ಆ ಹುಡುಗಿ ಒಂದೇ ಮೀಟಿಂಗಿನಲ್ಲಿ ಕೂತು ಬೇರೆ ಬೇರೆ ಎಣಿಸಿದೆವು. ನನ್ನ ಲೆಕ್ಕ 4, ಅವಳದು 9. ನೋಡಿದರೆ, 'ಹೂಂ ಹೂಂ, ಹೌದ್ಹೌದು' ಅನ್ನುವುದನ್ನೂ ಅವಳು ಎಣಿಸಿದ್ದಳು. ಇಬ್ಬರು ನೋಡಿದರೆ ಎರಡು ಲೆಕ್ಕ ಬರುವ ನಿಯಮದ ಮೇಲೆ ಮೆಮೊ ಕೊಡಲಾಗದು. ತಿದ್ದಿದೆವು: 'ಮಾತಾಡುತ್ತಿದ್ದವರು ವಾಕ್ಯ ಮುಗಿಸದೆ ನಿಲ್ಲಿಸಬೇಕಾಗಿ ಬಂದರೆ ಅದು ಅಡ್ಡ ಬಾಯಿ. ಮೀಟಿಂಗ್ ನಡೆಸುವವರು ಅಲ್ಲೇ "ಅವರು ಮುಗಿಸಲಿ" ಅನ್ನಬೇಕು. ಒಂದು ತಿಂಗಳಲ್ಲಿ ಮೂರು ಸಲವಾದರೆ ಮ್ಯಾನೇಜರ್ ಪಕ್ಕಕ್ಕೆ ಕರೆದು ತಾರೀಕು ಸಮೇತ ಹೇಳಬೇಕು. ಮುಂದಿನ ತಿಂಗಳೂ ಹಾಗೇ ಆದರೆ ಮೆಮೊ.' ಕಣ್ಣು ಹೊರಳಿಸುವುದು, ಮೊಬೈಲ್ ನೋಡುತ್ತಾ ನಗುವುದು ಇದಕ್ಕೆ ಸಿಗುವುದಿಲ್ಲ. ಸಿಗದಿದ್ದರೆ ಬೇಡ. ಸಿಗುವ ಒಂದನ್ನು ಹಿಡಿದರೆ ಸಾಕು ಅಂದುಕೊಂಡೆವು.

ಮುಂದಿನ ವಾರ ಮತ್ತೆ ಎಣಿಸಿದೆವು. ನನ್ನದು 11, ಅವಳದೂ 11. ಖುಷಿಯಲ್ಲಿ ಹೆಸರಿನ ಪ್ರಕಾರ ಪಟ್ಟಿ ಮಾಡಿದಳು. ಒರಟ ಟೀಮ್ ಲೀಡ್ 2. ನಾನು 1. ಉಳಿದ ಎಂಟೂ ಡೈರೆಕ್ಟರ್ ಸಾಹೇಬರವು.

ಪಟ್ಟಿ ಅವರ ಮುಂದೆ ಹೋಯಿತು. ಮೇಡಂ ವಿವರಿಸಲು ಶುರು ಮಾಡಿದರು, "ಸಾರ್, ಈ ನಿಯಮದ ಪ್ರಕಾರ ಯಾರಾದ್ರೂ..."

"ಅದೆಲ್ಲ ಗೊತ್ತಾಯ್ತು ಬಿಡಿ," ಅಂದರು ಸಾಹೇಬರು. ಹುಡುಗಿ ಮೇಜಿನ ಕೆಳಗೆ ಒಂದು ಗೀಟು ಎಳೆದಳು. ಒಂಬತ್ತು.

ಗೌರವವನ್ನು ಹೀಗೆ ಲೆಕ್ಕಕ್ಕೆ ಇಳಿಸುವುದು ಯಾಂತ್ರಿಕ, ಅದು ಒಳಗಿನಿಂದ ಬರಬೇಕು ಅಂತ ತೀರ್ಮಾನವಾಯಿತು. ಶುಕ್ರವಾರ ಲಿಫ್ಟಿಗೆ ಹೊಸ ಸ್ಟಿಕ್ಕರ್ ಬಂತು: 'ಪರಸ್ಪರ ಗೌರವದ ಸಂಸ್ಕೃತಿಯನ್ನು ಪೋಷಿಸೋಣ'. ಸ್ವಲ್ಪ ದೊಡ್ಡದಾಯಿತು. ಅಂಟಿಸಿದವರು 'ಗರಿಷ್ಠ 8 ಜನ' ಮುಚ್ಚಿ ಅಂಟಿಸಿದ್ದಾರೆ.