ಮುಖ ಯಾರದು, ಮುಂಡ ಯಾರದು: ಫ್ಲೆಕ್ಸ್ ಪರೀಕ್ಷಾ ಮಂಡಳಿಯ ಕಲಾಪ

ನಮ್ಮಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಹಾಗಾಗಿ ಯುವ ನಾಯಕರ ಹುಟ್ಟುಹಬ್ಬಕ್ಕೆ ವೃತ್ತದಲ್ಲಿ ಕಟ್ಟುವ ಹತ್ತಡಿ ಎತ್ತರದ ವಸ್ತುವನ್ನು ಫ್ಲೆಕ್ಸ್ ಎಂದು ಕರೆಯದೆ 'ಅಭಿಮಾನ' ಎನ್ನೋಣ. ಈ ಅಭಿಮಾನದಲ್ಲಿ ನಾಯಕರು ಮಹಾರಾಜರ ಪೋಷಾಕಿನಲ್ಲಿ ನಿಂತಿರುತ್ತಾರೆ. ನಿಂತಿರುವುದು ಬೇರೆ ಯಾರೋ, ಮುಖ ಮಾತ್ರ ನಾಯಕರದ್ದು. ಮುಂಡದ ಮಾಲೀಕನನ್ನು ಒಂದು ಮಾತು ಕೇಳುವ ಪದ್ಧತಿ ಇನ್ನೂ ಬಂದಿಲ್ಲ, ಬಂದರೆ ಒಳ್ಳೆಯದು.

ಡಿಸೈನರ್ ಚಿತ್ರವನ್ನು ರಾತ್ರಿ ಹನ್ನೊಂದಕ್ಕೆ ಅಭಿಮಾನಿ ಬಳಗದ ಗುಂಪಿಗೆ ಹಾಕುತ್ತಾನೆ, ಕೆಳಗೆ 'ಅಣ್ಣನ ಫೇಸ್ ಸ್ವಾಪ್, ಹೇಗಿದೆ?' ಎಂಬ ಸಾಲು. ಹೆಬ್ಬೆರಳುಗಳು ಸಾಲುಗಟ್ಟಿ ಬರುತ್ತವೆ. 'ಬೆಂಕಿ ಅಣ್ಣ'. 'ನಿಜವಾದ ರಾಜರೇ'. ಇದಕ್ಕೆ ಪರೀಕ್ಷೆ ಎಂದು ಹೆಸರು. ಪ್ರಶ್ನೆಪತ್ರಿಕೆಯ ಮೇಲೆಯೇ ಉತ್ತರ ಅಚ್ಚಾಗಿದೆ, ಪರೀಕ್ಷಕರಿಗೆ ನಾಳೆ ಬಿರಿಯಾನಿ ಇದೆ, ಅನುತ್ತೀರ್ಣ ಮಾಡಿದವನ ಹೆಸರು ಅದೇ ಅಭಿಮಾನದ ಕೆಳಗಿನ 'ಶುಭ ಕೋರುವವರು' ಪಟ್ಟಿಯಿಂದ ಹಾರಿಹೋಗುತ್ತದೆ. ಇಷ್ಟೆಲ್ಲ ನಿಷ್ಪಕ್ಷಪಾತ ಏರ್ಪಾಡಿನ ನಂತರವೂ ಮರುದಿನ ವೃತ್ತದಲ್ಲಿ ಆಟೋದವರು 'ಯಾರಪ್ಪಾ ಇದು, ಹೊಸ ಸೀರಿಯಲ್ಲಾ?' ಎಂದು ಕೇಳುತ್ತಾರೆ.

ಮಂಡಳಿಯ ಮೂಲ ತಪ್ಪೆಂದರೆ ಎರಡು ಪ್ರಶ್ನೆಗಳನ್ನು ಒಂದೇ ಹೆಬ್ಬೆರಳಿನಲ್ಲಿ ಮುಗಿಸುವುದು. ಚಿತ್ರ ನಿಜದಂತೆ ಕಾಣುತ್ತದೆಯೇ ಎಂಬುದು ಒಂದು, ಅದರಲ್ಲಿರುವುದು ಅಣ್ಣನೇ ಎಂದು ಗೊತ್ತಾಗುತ್ತದೆಯೇ ಎಂಬುದು ಇನ್ನೊಂದು. ಒಂದನ್ನು ಸರಿಪಡಿಸಹೊರಟರೆ ಇನ್ನೊಂದು ಕೆಡುತ್ತದೆ. ಮುಖ ಬದಲಿಸಲು ಬಹಳ ಜನ ಬಳಸುವ inswapper_128 ಎಂಬ ಎಐ ಮಾದರಿ ಮುಖವನ್ನು ತಯಾರಿಸುವುದು 128 ಪಿಕ್ಸೆಲ್ ಉದ್ದ, ಅಷ್ಟೇ ಅಗಲದಲ್ಲಿ. ಅದನ್ನು ಹಾಗೆಯೇ ಎರಡಡಿ ಮುಖವಾಗಿ ಮುದ್ರಿಸಿದರೆ ಒಂದೊಂದು ಚುಕ್ಕೆಗೂ ಸುಮಾರು 5 ಮಿಲಿಮೀಟರ್ ಜಾಗ ಬೇಕು. ಮಸುಕಾಯಿತು ಅಂತ ಡಿಸೈನರ್ GFPGAN ಅಥವಾ CodeFormer ಹಾಕಿ ಚೂಪು ಮಾಡುತ್ತಾನೆ. ಇವು ಕಾಣದ ವಿವರವನ್ನು ತಾವೇ ಊಹಿಸಿ ತುಂಬುತ್ತವೆ. ಅಣ್ಣನ ಹುಬ್ಬಿನ ಮೇಲಿನ ಹಳೇ ಗಾಯದ ಗುರುತು, ಕೆನ್ನೆಯ ಕುಳಿ, ಅರ್ಧ ಬೆಳೆದ ಹುಬ್ಬು, ಎಲ್ಲ ಮಾಯ. ಚರ್ಮ ನಿಜವಾದ ಚರ್ಮದಂತಾಯಿತು, ಆದರೆ ಯಾರ ಚರ್ಮ ಎಂದು ಹೇಳಲಾಗದು.

ಮಂಡಳಿಗೆ ಕಣ್ಣುಕಟ್ಟಿದ ಪರೀಕ್ಷೆ ಮಾಡುವ ಮನಸ್ಸು ಬಂದರೆ ಕ್ರಮ ಹೀಗೆ. (ಬರುವುದಿಲ್ಲ, ಆದರೂ ಹೇಳಿಡೋಣ.)

ನೈಜತೆಗೆ ಅಣ್ಣನನ್ನು ಕಂಡೇ ಇಲ್ಲದ ಪಕ್ಕದ ತಾಲ್ಲೂಕಿನ ಎಂಟು ಗೆಳೆಯರು ಸಾಕು. ಪರಿಚಯದವರಾದರೆ 'ಇವನು ಯಾವಾಗ ಪೇಟ ಸುತ್ತಿದ?' ಎಂಬ ಒಂದೇ ತರ್ಕದಿಂದ ಹಿಡಿದುಬಿಡುತ್ತಾರೆ, ಚಿತ್ರ ನೋಡುವ ಗೋಜಿಗೇ ಹೋಗುವುದಿಲ್ಲ. ಅವರ ಮುಂದೆ ಹತ್ತು ಚಿತ್ರ ಇಡಬೇಕು. ಆರರಲ್ಲಿ ಬೇರೆ ಬೇರೆ ಜನ ಬಾಡಿಗೆ ಪೋಷಾಕು ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಅಸಲಿ ಫೋಟೊ, ನಾಲ್ಕು ಮುಖ ಬದಲಿಸಿದವು, ಅವುಗಳಲ್ಲಿ ಒಂದು ನಮ್ಮದು. ಎಷ್ಟು ನಕಲಿ ಎಂದು ಹೇಳಬಾರದು. ಎಲ್ಲವೂ ಒಂದೇ ಅಳತೆಗೆ ಕತ್ತರಿಸಿ, ಒಂದೇ ಮಟ್ಟಕ್ಕೆ ಕುಗ್ಗಿಸಿ, ಕಡತಕ್ಕೆ ಬರೀ ಸಂಖ್ಯೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ತೋರಿಸಬೇಕು. ಕಡತಕ್ಕೆ 'anna_final_final2' ಎಂದು ಹೆಸರಿದ್ದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಚಿತ್ರಕ್ಕೆ ಐದು ಸೆಕೆಂಡು, ಉತ್ತರ ಅಸಲಿ ಅಥವಾ ನಕಲಿ, ಜೊತೆಗೆ ಎಷ್ಟು ಖಾತ್ರಿ ಎಂದು ಒಂದರಿಂದ ನಾಲ್ಕು ಅಂಕ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು.

ಈಗ ಲೆಕ್ಕ. ಎಂಟರಲ್ಲಿ ಐವರು ನಮ್ಮ ಚಿತ್ರವನ್ನು ನಕಲಿ ಎಂದರು ಅಂತಿಟ್ಟುಕೊಳ್ಳಿ. ಡಿಸೈನರ್ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಕೂರಬೇಕಿಲ್ಲ, ಮೊದಲು ಅಸಲಿ ಫೋಟೊಗಳ ಗತಿ ಏನಾಯಿತು ನೋಡಬೇಕು. ಒಂದೊಂದನ್ನೂ ಸರಾಸರಿ ನಾಲ್ವರು ನಕಲಿ ಎಂದಿದ್ದರೆ ನಮ್ಮದಕ್ಕೂ ಅಸಲಿಗೂ ಇರುವ ಅಂತರ ಒಬ್ಬನೇ ಒಬ್ಬ. ಪ್ರತಿ ಗುಂಪಿನಲ್ಲೂ ಎಲ್ಲವನ್ನೂ ನಕಲಿ ಎನ್ನುವ ಒಬ್ಬ ಜ್ಞಾನಿ ಇರುತ್ತಾನೆ. ನಾಲ್ಕೂ ನಕಲಿ ಹಿಡಿದೆ ಎಂದು ಬೀಗುತ್ತಾನೆ, ಆರು ಅಸಲಿಗಳನ್ನೂ ಬಲಿ ಕೊಟ್ಟಿದ್ದನ್ನು ಹೇಳುವುದಿಲ್ಲ. ಅಸಲಿಗಳನ್ನು ಬೆರೆಸುವುದೇ ಇವನಿಗೋಸ್ಕರ. ಇನ್ನು ಹತ್ತಕ್ಕೆ ಏಳು ಸರಿ ಹೇಳಿದವನನ್ನು ಹದ್ದುಗಣ್ಣಿನವನೆಂದು ಸನ್ಮಾನಿಸಬೇಡಿ. ನಾಣ್ಯ ಚಿಮ್ಮಿ ಉತ್ತರಿಸಿದರೂ ಏಳು ಅಥವಾ ಹೆಚ್ಚು ಬರುವ ಸಂಭವ ಶೇ 17. ಶಾಲು ಉಳಿಸಿಕೊಳ್ಳಿ.

ಅಳತೆಯ ಮಾತೂ ಇದೆ. ಫೋನಿನಲ್ಲಿ ನೋಡಿ ಸೈ ಎಂದರೆ ಫೋನಿನ ಮಟ್ಟಿಗೆ ಸೈ, ಅಷ್ಟೇ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ದವಡೆಯಂಚಿನ ಹೊಲಿಗೆ, ಕತ್ತಿನ ಬಣ್ಣ ಬೇರೆಯಾಗಿರುವುದು, ಎಲ್ಲಕ್ಕೂ ಪೌಡರ್ ಹಚ್ಚಿದಂತಾಗುತ್ತದೆ. ಹತ್ತಡಿಯಲ್ಲಿ ಮುದ್ರಿಸುವುದಾದರೆ ಮುಖದ ಭಾಗವನ್ನಾದರೂ ಪೂರ್ಣ ಅಳತೆಯಲ್ಲಿ ಒಂದು ತುಂಡು ಮುದ್ರಿಸಿ, ರಸ್ತೆ ದಾಟುವಷ್ಟು ದೂರದಿಂದ ತೋರಿಸಬೇಕು.

ಗುರುತಿನ ಪರೀಕ್ಷೆಗೆ ಬೇರೆ ಎಂಟು ಜನ. ಇವರು ಅಣ್ಣನನ್ನು ಚೆನ್ನಾಗಿ ಬಲ್ಲವರು, ಹುಟ್ಟುಹಬ್ಬದ ಸುದ್ದಿ ತಿಳಿಯದವರು. 'ಇದು ಅಣ್ಣನಾ?' ಎಂದು ಕೇಳಬಾರದು, ಹಾಗೆ ಕೇಳಿದರೆ ಕಂಬದ ಫೋಟೊಗೂ ಹೌದೆನ್ನುತ್ತಾರೆ. 'ಯಾರಿದು?' ಎಂದಷ್ಟೇ ಕೇಳಿ ಬಾಯಿಗೆ ಬಂದದ್ದನ್ನು ಬರೆದುಕೊಳ್ಳಬೇಕು. ಆಮೇಲೆ ಬೇಕಾದರೆ ಐದು ಹೆಸರು ಕೊಡಿ, ಅದರಲ್ಲಿ ಅಣ್ಣನ ತಮ್ಮನೂ ಚಿಕ್ಕಪ್ಪನ ಮಗನೂ ಇರಲಿ. ಕಣ್ಮುಚ್ಚಿ ಆರಿಸಿದರೂ ಐವರಲ್ಲಿ ಒಬ್ಬ ಸರಿ ಹೇಳುತ್ತಾನೆಂಬ ಎಚ್ಚರವೂ ಇರಲಿ.

ಗುರುತು ಹಿಡಿಯುವಾಗ ಕೂದಲು ತಲೆಕೆಡಿಸುವ ಸಂಗತಿಗೆ ಹಳೇ ಪುರಾವೆ ಇದೆ. 1996ರಲ್ಲಿ ಪವನ್ ಸಿನ್ಹಾ ಮತ್ತು ತೊಮಾಸೊ ಪೊಜ್ಜಿಯೊ 'ನೇಚರ್' ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಅಮೆರಿಕದ ಅಧ್ಯಕ್ಷ ಕ್ಲಿಂಟನ್, ಪಕ್ಕದಲ್ಲಿ ಉಪಾಧ್ಯಕ್ಷ ಗೋರ್. ನೋಡಿದವರಿಗೆ ಇಬ್ಬರೂ ಸಲೀಸಾಗಿ ಕಂಡರು. ಆದರೆ ಗೋರ್ ಅವರ ಕೂದಲಿನೊಳಗಿದ್ದ ಕಣ್ಣು, ಮೂಗು, ಬಾಯಿ ಎಲ್ಲ ಕ್ಲಿಂಟನ್‌ರದ್ದೇ. ನಮ್ಮ ಅಭಿಮಾನದಲ್ಲೂ ಮುಖದ ನಡುಭಾಗ ಮಾತ್ರ ಅಣ್ಣನದ್ದು. ಹಣೆಗೆರೆ, ಕಿವಿ, ದವಡೆಯ ಸುತ್ತಳತೆ ಎಲ್ಲ ಮುಂಡದವನವು. ಅದರಲ್ಲೂ ಪೇಟ ಬಂದು ಹಣೆಯನ್ನೇ ನುಂಗಿದರೆ ಉಳಿಯುವುದು ಹುಬ್ಬು, ಮೂಗು, ಮೀಸೆ. ಮೀಸೆ ಇಬ್ಬರಿಗೂ ಸೇರದೆ ನಡುವೆ ಎಲ್ಲೋ ನಿಲ್ಲುತ್ತದೆ. ಹುಬ್ಬನ್ನು ಚೂಪು ಮಾಡುವ ಸಾಫ್ಟ್‌ವೇರ್ ತಿದ್ದಿತೆಂದರೆ ಮುಗಿಯಿತು: ಪರಿಚಿತ ಮುಖದಿಂದ ಹುಬ್ಬು ಅಳಿಸಿದರೆ, ಕಣ್ಣು ಅಳಿಸಿದ್ದಕ್ಕಿಂತ ಹೆಚ್ಚು ಗುರುತು ತಪ್ಪುತ್ತದೆಂದು 2003ರ ಪ್ರಯೋಗವೊಂದರಲ್ಲಿ ಸಿನ್ಹಾ ತಂಡವೇ ತೋರಿಸಿದೆ.

ಫಲಿತಾಂಶ ಹೀಗೆ ಬರಬಹುದು: ಎಂಟರಲ್ಲಿ ಮೂವರು ಅಣ್ಣ ಎಂದರು, ಮೂವರು ಅಣ್ಣನ ತಮ್ಮ ಎಂದರು, ಇಬ್ಬರಿಗೆ ಟಿವಿಯಲ್ಲಿ ನೋಡಿದ ನೆನಪು. ತಮ್ಮನ ಹೆಸರು ಬಂತೆಂದರೆ ಮುಖದ ಅಚ್ಚು ಉಳಿದಿದೆ, ವಯಸ್ಸು ಅಳಿಸಿದೆ ಎಂದರ್ಥ. ಮದ್ದು ಇದೆ. CodeFormer ನಲ್ಲಿ 0ಯಿಂದ 1ರವರೆಗೆ ಒಂದು ತಿರುಪು, ಕಡಿಮೆ ಮಾಡಿದರೆ ನಯ, ಹೆಚ್ಚು ಮಾಡಿದರೆ ಕೊಟ್ಟ ಮುಖಕ್ಕೆ ನಿಷ್ಠೆ. 0.5ರಲ್ಲಿದ್ದದ್ದನ್ನು 0.8ಕ್ಕೆ ಏರಿಸಿ, ಹುಬ್ಬು ಮತ್ತು ಗಾಯದ ಗುರುತನ್ನು ಅಸಲಿ ಫೋಟೊದಿಂದ ಕೈಯಾರೆ ಕೂರಿಸಿ, ಪೇಟವನ್ನು ಒಂದಿಷ್ಟು ಹಿಂದೆ ಸರಿಸಿ, ಎರಡೂ ಪರೀಕ್ಷೆ ಮತ್ತೆ ಮಾಡಬೇಕು. ಹಳೇ ಎಂಟು ಜನ ಇನ್ನು ಉಪಯೋಗಕ್ಕಿಲ್ಲ, ಗುಟ್ಟು ತಿಳಿದವರು ಪರೀಕ್ಷಕರಲ್ಲ. ಹೊಸಬರು ಬೇಕು. ಎರಡನೇ ಸುತ್ತಿನಲ್ಲಿ ಆರು ಮಂದಿ ಗುರುತಿಸಿ, ನೈಜತೆಯಲ್ಲಿ ಒಬ್ಬಿಬ್ಬರು ಕೈಬಿಟ್ಟರೆ ಅದು ಲಾಭದ ವ್ಯಾಪಾರ.

ಎರಡೂ ಚಿತ್ರಗಳನ್ನು ನಾಯಕರ ಮುಂದೆ ಹಿಡಿದರೆ ಅವರು ಮೊದಲನೆಯದನ್ನೇ ಆರಿಸುತ್ತಾರೆ. ಅದರಲ್ಲಿ ಬೆಳ್ಳಗಿದ್ದಾರೆ, ಹತ್ತು ವರ್ಷ ಚಿಕ್ಕವರಿದ್ದಾರೆ, ಗಾಯದ ಗುರುತಿಲ್ಲ. ಯಾರಿಗೂ ಗುರುತು ಸಿಗುತ್ತಿಲ್ಲವಲ್ಲ ಅಣ್ಣ ಎಂದು ಡಿಸೈನರ್ ಗೊಣಗಿದರೆ ಪರಿಹಾರ ಆಗಲೇ ಸಿದ್ಧವಿದೆ: 'ಅದಕ್ಕೇನಂತೆ, ಹೆಸರು ಎರಡಡಿ ದಪ್ಪಕ್ಕೆ ಬರಿ.'