ಗೇಟಿಗೆ ಇನ್ನೂರು, ಜೀಪಿಗೆ ಇನ್ನೂರು

ಮೊನ್ನೆ ಮಲೆನಾಡಿನ ಒಂದು ಗುಡ್ಡಕ್ಕೆ ಹೋಗಿದ್ದೆ. ಹೆಸರು ಬೇಡ. ಹೆಸರು ಬಳಸಿದ್ದಕ್ಕೂ ರಸೀದಿ ಹರಿದಾರು.

ಬುಡದಲ್ಲಿ ಒಂದು ಗೇಟು. ತಲೆಗೆ 200 ರೂಪಾಯಿ. ಸ್ವಂತ ಕಾರು ಒಳಗೆ ಬಿಡೋದಿಲ್ಲ, ಜೀಪನ್ನೇ ಹತ್ತಬೇಕು. ಜೀಪಿನವರದು ಒಂದೇ ಸಂಘ, ಒಂದೇ ರೇಟು. ತಲೆಗೆ ಇನ್ನೂ 200. ಚೀಟಿ ತಗೊಂಡು ಜೀಪು ಬೇಡ ಅಂದರೆ ಗುಡ್ಡವನ್ನು ಕೆಳಗಿಂದಲೇ ನೋಡಬಹುದು. ಜೀಪು ಹತ್ತಿ ಚೀಟಿ ಬೇಡ ಅಂದರೆ ಜೀಪಿನಲ್ಲಿ ಕೂತು ಗೇಟು ನೋಡಬಹುದು.

"ಮುಂಚೆ ಎರಡೂ ಒಬ್ಬನದೇ ಆಗಿತ್ತು ಸಾರ್" ಅಂದ ಟೀ ಅಂಗಡಿಯವನು. "ಒಟ್ಟು 300 ತಗೋತಿದ್ದ. ಒಬ್ಬನೇ ಲೂಟಿ ಮಾಡ್ತಾನೆ ಅಂತ ಗಲಾಟೆ ಆಯ್ತು. ಪೈಪೋಟಿ ಬರಲಿ ಅಂತ ಗೇಟು ಒಬ್ಬರಿಗೆ, ಜೀಪು ಇನ್ನೊಬ್ಬರಿಗೆ ಕೊಟ್ಟರು."

"ಪೈಪೋಟಿ ಬಂತಾ?"

"ಜೋರಾಗಿದೆ ಸಾರ್. ಯಾರು ಜಾಸ್ತಿ ಕೀಳ್ತಾರೆ ಅಂತ."

ಎಡಗಾಲಿನ ಚಪ್ಪಲಿ ಒಬ್ಬನಿಗೆ, ಬಲಗಾಲಿನದು ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟು, ಇನ್ನು ಚಪ್ಪಲಿ ಅಗ್ಗವಾಗುತ್ತೆ ಅಂತ ಕಾದು ಕೂತ ಹಾಗಾಯಿತು ಇದು. ಟೀ ಕುಡಿಯುತ್ತಾ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅವರ ನಿಜವಾದ ಲೆಕ್ಕದ ಪುಸ್ತಕ ನನಗೆ ಯಾರು ತೋರಿಸ್ತಾರೆ? ಹಾಗಾಗಿ ಸುಲಭದ ಅಂಕಿಗಳನ್ನು ಇಟ್ಟುಕೊಂಡೆ. ಪುಕ್ಕಟೆ ಬಿಟ್ಟರೆ ದಿನಕ್ಕೆ 600 ಜನ ಬರ್ತಾರೆ ಅನ್ನಿ. ಒಟ್ಟು ಖರ್ಚು ಒಂದೊಂದು ರೂಪಾಯಿ ಏರಿದ ಹಾಗೆ ಒಬ್ಬೊಬ್ಬರು ಮನೆಯಲ್ಲೇ ಉಳೀತಾರೆ. ಡೀಸೆಲ್ಲು, ಸಂಬಳ ಎಲ್ಲ ಸದ್ಯಕ್ಕೆ ಬದಿಗಿರಲಿ.

ಎರಡೂ ಒಬ್ಬನ ಕೈಯಲ್ಲಿದ್ದಾಗ ಅವನಿಗೆ ಲಾಭದ ರೇಟು 300. ಬರುವವರು 300 ಜನ, ದಿನದ ಗಳಿಕೆ 90,000. ಅವನೇನು ಧರ್ಮಾತ್ಮನಲ್ಲ. ಇನ್ನೂ ಏರಿಸಿದರೆ ಓಡಿಹೋಗುವ ಗಿರಾಕಿ ಪೂರ್ತಿ ಅವನ ಜೇಬಿನಿಂದಲೇ ಓಡಿಹೋಗ್ತಾನೆ, ಅದಕ್ಕೇ ಅಲ್ಲಿಗೆ ನಿಲ್ಲಿಸಿದ್ದ.

ಈಗ ಅದನ್ನೇ ಇಬ್ಬರಿಗೆ ಹಂಚಿ. ಮೊದಲ ದಿನ ಇಬ್ಬರೂ 150, 150 ಇಟ್ಟರು. ಒಬ್ಬೊಬ್ಬರಿಗೆ 45,000. ರಾತ್ರಿ ಗೇಟಿನವನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಚೀಟಿಯನ್ನು 225 ಮಾಡಿದ. ಒಟ್ಟು 375 ಆಯಿತು, ಜನ 225ಕ್ಕೆ ಇಳಿದರು. ಆದರೂ ಗೇಟಿನ ಡಬ್ಬದಲ್ಲಿ 50,625 ಬಿತ್ತು! ಐದು ಸಾವಿರಕ್ಕೂ ಜಾಸ್ತಿ ಲಾಭ. ಜೀಪಿನವನು ಏನೂ ಮಾಡದೆ 33,750ಕ್ಕೆ ಇಳಿದ, ಅಂದರೆ 11,250 ನಷ್ಟ. ಏರಿಸಿದ ರೇಟು ಪೂರ್ತಿ ಗೇಟಿನವನ ಪಾಲಿಗೆ, ಓಡಿಹೋದ ಗಿರಾಕಿಯ ನಷ್ಟದಲ್ಲಿ ಮಾತ್ರ ಜೀಪಿನವನಿಗೂ ಪಾಲು. ಇಂಥ ಪಾಲುದಾರಿಕೆ ಸಿಕ್ಕರೆ ಯಾರು ತಾನೇ ಬಿಡ್ತಾರೆ?

ಜೀಪಿನವನು ನೊಂದುಕೊಂಡು ರೇಟು ಇಳಿಸ್ತಾನೆ ಅಂದುಕೊಂಡಿರಾ? ಇಳಿಸೋದಿಲ್ಲ. 190ಕ್ಕೆ ಏರಿಸ್ತಾನೆ. ಜನ 185 ಆಗ್ತಾರೆ, ಅವನಿಗೆ 35,150 ಸಿಗುತ್ತೆ. ಸುಮ್ನೆ ಕೂತಿದ್ದಕ್ಕಿಂತ ಇದೇ ಮೇಲು. ಹೀಗೆ ಹಗ್ಗ ಜಗ್ಗುತ್ತಾ ಇಬ್ಬರೂ 200ಕ್ಕೆ ಬಂದು ನಿಲ್ತಾರೆ. ಒಟ್ಟು 400, ಜನ 200, ಒಬ್ಬೊಬ್ಬರಿಗೆ 40,000. ಅಲ್ಲಿಂದ ಯಾರೇ ಒಬ್ಬರು ಹತ್ತು ರೂಪಾಯಿ ಏರಿಸಿದರೂ ಇಳಿಸಿದರೂ ಅವರಿಗೇ ನೂರು ರೂಪಾಯಿ ಖೋತಾ. ಹಾಗಾಗಿ ಇಬ್ಬರೂ ಅಲ್ಲಾಡೋದಿಲ್ಲ. ಪ್ರವಾಸಿಗೆ ನೂರು ರೂಪಾಯಿ ಜಾಸ್ತಿ, ಮಾಲೀಕರಿಗೆ ಐದೈದು ಸಾವಿರ ಕಡಿಮೆ, ನೂರು ಜನಕ್ಕೆ ಗುಡ್ಡವೇ ಇಲ್ಲ. ಇದರಲ್ಲಿ ಗೆದ್ದವರು ಯಾರು ಅಂತ ಹುಡುಕಿದೆ. ರಸೀದಿ ಅಚ್ಚು ಹಾಕುವವನು ಕೂಡ ಸೋತಿದ್ದಾನೆ.

ಇದು ನಾನು ಕಂಡುಹಿಡಿದದ್ದೇನಲ್ಲ. 1838ರಲ್ಲೇ ಕುರ್ನೊ ಅನ್ನುವ ಫ್ರೆಂಚ್ ಗಣಿತಜ್ಞ ತಾಮ್ರ ಮತ್ತು ಸತುವನ್ನು ಇಟ್ಟುಕೊಂಡು ಈ ಲೆಕ್ಕ ಮಾಡಿದ್ದ. ಎರಡೂ ಬೆರೆತರೇ ಹಿತ್ತಾಳೆ. ತಾಮ್ರ ಪೂರ್ತಿ ಒಬ್ಬನ ಕೈಲಿ, ಸತು ಪೂರ್ತಿ ಇನ್ನೊಬ್ಬನ ಕೈಲಿ ಇದ್ದು, ಹಿತ್ತಾಳೆ ಬಿಟ್ಟರೆ ಅವೆರಡಕ್ಕೂ ಬೇರೆ ಕೆಲಸವೇ ಇಲ್ಲದಿದ್ದರೆ, ಹಿತ್ತಾಳೆ ಒಬ್ಬನೇ ಮಾಲೀಕ ಇದ್ದಾಗಿಗಿಂತಲೂ ತುಟ್ಟಿ ಆಗುತ್ತೆ ಅಂದ. ಅವನ ಪುಸ್ತಕವನ್ನು ಆಗ ಯಾರೂ ಕೇಳಲಿಲ್ಲ. ನಮ್ಮ ಟೆಂಡರ್ ಕಮಿಟಿ ಅಷ್ಟರಮಟ್ಟಿಗೆ ಒಂಟಿಯಲ್ಲ.

ಲೆಕ್ಕ ಬೇಡ, ಕತೆ ಬೇಕು ಅನ್ನುವವರು ಜರ್ಮನಿಯ ರೈನ್ ನದಿಗೆ ಹೋಗಬೇಕು. ಮಧ್ಯಯುಗದಲ್ಲಿ ಅಲ್ಲಿ ದಡದ ಕೋಟೆಕೋಟೆಗೂ ಒಬ್ಬ ದೊರೆ, ದೊರೆಗೊಂದು ಸುಂಕದ ಕಟ್ಟೆ. (ಬೆಂಗಳೂರಿನವರೇ, ಇದು ಬಸ್ ಸ್ಟಾಪಿನ ಹೆಸರಲ್ಲ.) ಕೌಬ್ ಅನ್ನುವ ಊರಿನ ಹತ್ತಿರ ನದಿಯ ಮಧ್ಯದ ಬಂಡೆಯ ಮೇಲೆ 1320ರ ದಶಕದಲ್ಲಿ ಸುಂಕ ವಸೂಲಿಗೆಂದೇ ಕಟ್ಟಿದ ಕೋಟೆ ಇವತ್ತಿಗೂ ಇದೆ. 14ನೇ ಶತಮಾನದ ಕೊನೆಯ ಹೊತ್ತಿಗೆ ಆ ನದಿಯಲ್ಲಿ ಇಂಥ ಕಟ್ಟೆಗಳು ಅರವತ್ತರ ಸುತ್ತಮುತ್ತ ಇದ್ದವು. ಒಂದನ್ನು ದಾಟಿ ಮುಂದಿನದಕ್ಕೆ ಸುಂಕ ಕಟ್ಟದಿದ್ದರೆ ಹಿಂದೆ ಕಟ್ಟಿದ್ದು ನೀರುಪಾಲು. ನಮ್ಮ ಗುಡ್ಡದ್ದೇ ಕತೆ, ಇಬ್ಬರ ಬದಲು ಅರವತ್ತು ಜನ. ಈ ಸುಂಕಗಳು ಪೂರ್ತಿ ತೊಲಗಲು 1868ರ ಮನ್‌ಹೈಮ್ ಒಪ್ಪಂದದವರೆಗೆ ಕಾಯಬೇಕಾಯಿತು.

ನಮ್ಮ ರಸೀದಿಯ ಲೆಕ್ಕವನ್ನೇ 59 ಕಟ್ಟೆಗೆ ಎಳೆದರೆ ಒಬ್ಬೊಬ್ಬನ ರೇಟು ಬರೀ 10 ರೂಪಾಯಿ. ಎಷ್ಟು ಪಾಪದವರು, ಅಲ್ವಾ? ಯಾರನ್ನೇ ಕೇಳಿ, "ಹತ್ತೇ ರೂಪಾಯಿ ಸ್ವಾಮಿ" ಅಂತಾರೆ. ಒಟ್ಟು ಮಾತ್ರ 590. ಗುಡ್ಡ ಹತ್ತುವವರು ದಿನಕ್ಕೆ ಹತ್ತು ಜನ. ಒಬ್ಬೊಬ್ಬ ದೊರೆಗೆ ನೂರು ರೂಪಾಯಿ.

ಹಾಗಂತ ಎಲ್ಲ ಅಂಗಡಿಯವರೂ ಒಟ್ಟಿಗೆ ಕೂತು ರೇಟು ಹಾಕಿಕೊಳ್ಳಲಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಗುಡ್ಡಕ್ಕೆ ಎರಡು ದಾರಿ, ಎರಡು ಗೇಟು ಇದ್ದು ಅವರಿಬ್ಬರು ಕೈಕೈ ಹಿಡಿದರೆ ಅದು ನಿಜವಾದ ಲೂಟಿಯೇ. ಗುರುತಿಸೋದು ಸುಲಭ. ಪಕ್ಕದವನು ರೇಟು ಏರಿಸಿದಾಗ ನನ್ನ ಗಿರಾಕಿ ಹೆಚ್ಚಿದರೆ ಅವನು ನನ್ನ ಪೈಪೋಟಿಗಾರ. ನನ್ನ ಗಿರಾಕಿಯೂ ಕಡಿಮೆಯಾದರೆ ನಾವಿಬ್ಬರೂ ಒಂದೇ ಜೋಡಿಯ ಚಪ್ಪಲಿ. ಇನ್ನು, ಜೀಪಿನ ಸಂಘದ ರೇಟನ್ನು ತೆಗೆದು, ಜೀಪುಗಳು ತಂತಮ್ಮ ರೇಟಿಗೆ ಓಡಲಿ ಅಂದಿದ್ದರೆ ಪೈಪೋಟಿ ಅಲ್ಲಿ ನಿಜಕ್ಕೂ ಕೆಲಸ ಮಾಡುತ್ತಿತ್ತು. ಕಮಿಟಿ ಒಡೆಯಬೇಕಾದ್ದನ್ನು ಬಿಟ್ಟು ಕೂಡಿರಬೇಕಾದ್ದನ್ನು ಒಡೆಯಿತು.

ಇದನ್ನೆಲ್ಲ ಗೇಟಿನವನಿಗೆ ವಿವರಿಸಿದೆ. ಇಬ್ಬರೂ ಕೂತು 300ಕ್ಕೆ ಒಂದೇ ಚೀಟಿ ಮಾಡಿ, ಅರ್ಧರ್ಧ ಹಂಚಿಕೊಳ್ಳಿ ಅಂದೆ. ಅವನು ತಲೆ ಅಲ್ಲಾಡಿಸಿದ. "ನಾನು 150ಕ್ಕೆ ಇಳಿದ ದಿನವೇ ಅವನು 225 ಮಾಡ್ತಾನೆ ಸಾರ್. ನನಗೆ ಗೊತ್ತಿಲ್ವಾ? ನಾನೂ ಹಾಗೇ ಮಾಡಿದ್ದೆ."

ವಾಪಸ್ ಬರುವಾಗ ಊರ ಬಾಗಿಲಲ್ಲಿ ರಸ್ತೆಗೆ ಅಡ್ಡವಾಗಿ ಹೊಸ ಬಿದಿರು ಬಿದ್ದಿತ್ತು. ಬೆಳಿಗ್ಗೆ ಇರಲಿಲ್ಲ. ರಸೀದಿ ಪುಸ್ತಕ ಹಿಡಿದ ಹುಡುಗ ಓಡಿ ಬಂದ.

"ಏನಪ್ಪಾ ಇದು?"

"ಪ್ರವಾಸಿಗರು ಕಡಿಮೆ ಆಗಿದ್ದಾರಲ್ಲ ಸಾರ್, ಜನ ಕರೆಸೋಕೆ ಪ್ರಚಾರ ಮಾಡ್ಬೇಕು ಅಂತ ಮೀಟಿಂಗಲ್ಲಿ ತೀರ್ಮಾನ ಆಗಿದೆ. ಅದಕ್ಕೆ ತಲೆಗೆ ಐವತ್ತು."